ಒಂದು ದೊಡ್ಡ ತೆರಿಗೆಗೆ ಸರ್ಕಾರಗಳು ಏಕೆ ಅಂಜುತ್ತವೆ?

ಪಾಠ ಮುಗಿದಿತ್ತು. ಮೇಷ್ಟ್ರು ಹಲಗೆಯ ಮೇಲೆ ಬರೆದಿದ್ದ ತೆರಿಗೆಗಳ ಪಟ್ಟಿಯನ್ನು ಇನ್ನೂ ಒರೆಸಿರಲಿಲ್ಲ. ಆದಾಯಕ್ಕೊಂದು, ಖರೀದಿಗೊಂದು, ಆಸ್ತಿಗೊಂದು, ವಾಹನಕ್ಕೊಂದು, ಇಂಧನಕ್ಕೊಂದು, ಆಮದಿಗೊಂದು. ಅವುಗಳ ಮೇಲೆ ಸೆಸ್, ಸರ್ಚಾರ್ಜ್. ನನಗೆ ತಡೆಯಲಾಗಲಿಲ್ಲ.

“ಸರ್, ಇಷ್ಟೊಂದು ಏಕೆ? ವರ್ಷಕ್ಕೆ ಎಷ್ಟು ಬೇಕೆಂದು ಲೆಕ್ಕ ಹಾಕಿ, ಒಂದೇ ತೆರಿಗೆಯಲ್ಲಿ ತೆಗೆದುಕೊಂಡರೆ ಎರಡೂ ಕಡೆಯವರಿಗೆ ನೆಮ್ಮದಿಯಲ್ಲವೆ?”

“ಈ ಪ್ರಶ್ನೆಗೆ ಮುನ್ನೂರು ವರ್ಷ ದಾಟಿದೆ,” ಎಂದರು ಮೇಷ್ಟ್ರು. “ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಬಳಿ ವೋಬಾನ್ ಎಂಬ ಸೇನಾನಿಯಿದ್ದ. ಕೋಟೆ ಕಟ್ಟುವುದರಲ್ಲಿ ಹೆಸರು ಮಾಡಿದವನು. ಆಗಿನ ಗೋಜಲು ತೆರಿಗೆಗಳಲ್ಲಿ ಬಹುಪಾಲನ್ನು ಕಿತ್ತುಹಾಕಿ, ಯಾರಿಗೂ ವಿನಾಯಿತಿ ಇಲ್ಲದಂತೆ ಎಲ್ಲರ ಆದಾಯದಲ್ಲಿ ಹೆಚ್ಚೆಂದರೆ ಹತ್ತರಲ್ಲೊಂದು ಪಾಲು ತೆಗೆದುಕೊಂಡರೆ ಸಾಕು ಎಂದು 1707ರಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಪುಸ್ತಕವನ್ನು ನಿಷೇಧಿಸಿದರು. ಅದೇ ವರ್ಷ ಅವನೂ ತೀರಿಕೊಂಡ. ಆದರೆ ಒಂದು ಸಂಗತಿ ಗಮನಿಸು. ಅಂಥ ಸುಧಾರಕ ಕೂಡ ಉಪ್ಪಿನ ಮೇಲಿನ ತೆರಿಗೆಯನ್ನು ತಗ್ಗಿಸಿದನೇ ಹೊರತು ಪೂರ್ತಿ ಬಿಟ್ಟುಕೊಡಲಿಲ್ಲ. ಏಕೆ ಎಂಬುದಕ್ಕೆ ಆಮೇಲೆ ಬರೋಣ.”

ಅವರು ಪಟ್ಟಿಯನ್ನು ಒರೆಸಿ, ಆ ಜಾಗದಲ್ಲಿ ಒಂದು ಛತ್ರಿಯ ಚಿತ್ರ ಬರೆದರು. ಚಿತ್ರ ಅಣಬೆಯಂತೆ ಕಾಣುತ್ತಿತ್ತು. ಅದು ಬೇರೆ ಮಾತು.

“ಛತ್ರಿಯ ಬೆಲೆ 100 ಎಂದುಕೊ. ನಾಣ್ಯ ಯಾವ ದೇಶದ್ದಾದರೂ ಸರಿ. ತೆರಿಗೆ ಇಲ್ಲದಾಗ 1,000 ಛತ್ರಿ ಮಾರಾಟವಾಗುತ್ತವೆ. ಬೆಲೆ ಒಂದು ನಾಣ್ಯ ಏರಿದಾಗಲೆಲ್ಲ ಹತ್ತು ಜನ ಬೇಡವೆಂದು ಹೊರಟುಹೋಗುತ್ತಾರೆ. ಈಗ ಛತ್ರಿಗೆ 10 ತೆರಿಗೆ ಹಾಕಿದರೆ?”

“900 ಮಾರಾಟವಾಗುತ್ತವೆ. ಸರ್ಕಾರಕ್ಕೆ 9,000.”

“ಬಿಟ್ಟುಹೋದ ಆ 100 ಜನ?”

ಅವರು ತೆರಿಗೆ ಕಟ್ಟಲಿಲ್ಲವಲ್ಲ, ಅವರಿಗೇನು ನಷ್ಟ ಎಂದೆ. ಮೇಷ್ಟ್ರು ತಲೆಯಲ್ಲಾಡಿಸಿದರು. ತೆರಿಗೆ ಶಾಸ್ತ್ರದ ಜೀವ ಇರುವುದೇ ಆ ಜನರಲ್ಲಿ ಎಂದರು. ಅವರಲ್ಲಿ ಒಬ್ಬನಿಗೆ ಛತ್ರಿ 109 ಕೊಡುವಷ್ಟು ಬೇಕಾಗಿತ್ತು, ಇನ್ನೊಬ್ಬನಿಗೆ 101 ಕೊಡುವಷ್ಟು. ತೆರಿಗೆ ಇಲ್ಲದಿದ್ದರೆ ಇಬ್ಬರೂ 100 ಕೊಟ್ಟು ಒಯ್ಯುತ್ತಿದ್ದರು. ಒಬ್ಬನಿಗೆ 9ರಷ್ಟು, ಇನ್ನೊಬ್ಬನಿಗೆ 1ರಷ್ಟು ಲಾಭವಾಗುತ್ತಿತ್ತು. ಸರಾಸರಿ 5ರಂತೆ 100 ಜನರಿಗೆ 500. ಈ 500 ಖಜಾನೆಗೆ ಹೋಗಲಿಲ್ಲ, ಛತ್ರಿ ಮಾಡಿದವನಿಗೂ ಸಿಗಲಿಲ್ಲ. ಯಾರಿಗೂ ದಕ್ಕದೆ ಗಾಳಿಗೆ ಹೋಯಿತು.

“ತೆರಿಗೆಯನ್ನು ಇಮ್ಮಡಿ ಮಾಡು. 20.”

ನಾನು ಲೆಕ್ಕ ಹಾಕಿದೆ. ಮಾರಾಟ 800, ವಸೂಲಿ 16,000. ಬಿಟ್ಟುಹೋದವರು 200 ಜನ, ಒಬ್ಬೊಬ್ಬರ ನಷ್ಟ ಸರಾಸರಿ 10, ಒಟ್ಟು 2,000. ತೆರಿಗೆ ಇಮ್ಮಡಿಯಾದರೂ ವಸೂಲಿ ಇಮ್ಮಡಿಯಾಗಲಿಲ್ಲ. ದಂಡವಾಗಿ ಹೋದದ್ದು ಮಾತ್ರ ನಾಲ್ಕು ಪಟ್ಟಾಯಿತು.

“ದರದ ವರ್ಗದಂತೆ ನಷ್ಟ ಬೆಳೆಯುತ್ತದೆ. ಫ್ರೆಂಚ್ ಎಂಜಿನಿಯರ್ ಜೂಲ್ ದುಪುಯಿ 1844ರಲ್ಲೇ ಇದನ್ನು ಕಂಡುಕೊಂಡಿದ್ದ. ಈಗ ಛತ್ರಿಯಂತೆಯೇ ಮಾರಾಟವಾಗುವ ಇನ್ನೂ ಮೂರು ವಸ್ತುಗಳಿವೆ ಎಂದಿಟ್ಟುಕೊ. ಬೂಟು, ಗಡಿಯಾರ, ದೀಪ. ಒಂದರ ಬದಲು ಇನ್ನೊಂದನ್ನು ಕೊಳ್ಳಲಾಗದಂಥವು. ನಾಲ್ಕಕ್ಕೂ 10ರಂತೆ ಹಾಕಿದರೆ 36,000 ಬರುತ್ತದೆ, ನಷ್ಟ 2,000. ಅದೇ 36,000ವನ್ನು ಛತ್ರಿಯೊಂದರಿಂದಲೇ ಎತ್ತಿ ತೋರಿಸು.”

ಪುಸ್ತಕದ ಅಂಚಿನಲ್ಲಿ ಗೀಚಿದೆ. ತೆರಿಗೆ 40ಕ್ಕೆ 24,000. 50ಕ್ಕೆ 25,000. 60ಕ್ಕೆ ಮತ್ತೆ 24,000. ಎಷ್ಟೇ ಹಿಂಡಿದರೂ ಛತ್ರಿ 25,000ದ ಮೇಲೆ ಕೊಡಲೊಲ್ಲದು. ನಾಲ್ಕು ಕಡೆ ಹಗುರವಾಗಿ ಕೈಯಿಟ್ಟರೆ ಬರುವ ಹಣ ಒಂದೇ ಕಡೆ ಕತ್ತು ಹಿಸುಕಿದರೂ ಬರುವುದಿಲ್ಲ.

“ಇಷ್ಟೇ ಆಗಿದ್ದರೆ ಎಲ್ಲ ವಸ್ತುಗಳಿಗೂ ಒಂದೇ ದರ ಹಾಕಿ ಕೂರಬಹುದಿತ್ತು,” ಎಂದು ಮೇಷ್ಟ್ರು ಮುಂದುವರಿಸಿದರು. “1927ರಲ್ಲಿ ಫ್ರಾಂಕ್ ರಾಮ್ಸೆ ಎಂಬ ತರುಣ ಗಣಿತಜ್ಞ ಇನ್ನೊಂದು ಹೆಜ್ಜೆ ಮುಂದೆ ಹೋದ. ಬೆಲೆ ಏರಿದರೂ ಜನ ಕೊಳ್ಳುವುದನ್ನು ಬಿಡದ ವಸ್ತುವಿಗೆ ಹೆಚ್ಚು ದರ ಹಾಕಿದರೆ ಒಟ್ಟು ನಷ್ಟ ಕಡಿಮೆ ಎಂದು ತೋರಿಸಿದ. ಉಪ್ಪನ್ನು ಯಾರು ಬಿಟ್ಟಾರು? ವೋಬಾನ್ ಅದನ್ನು ಕೈಬಿಡದ್ದಕ್ಕೆ ಅರ್ಥ ಸಿಕ್ಕಿತೆ? ಲೆಕ್ಕಕ್ಕೆ ಬಲು ಚೆಂದ. ಆದರೆ ಬಡವನ ಖರ್ಚಿನಲ್ಲಿ ಉಪ್ಪಿನ ಪಾಲು ಶ್ರೀಮಂತನದಕ್ಕಿಂತ ದೊಡ್ಡದು. ಆದ್ದರಿಂದ ಲೆಕ್ಕ ಒಪ್ಪಿದ್ದನ್ನು ನ್ಯಾಯ ಒಪ್ಪುವುದಿಲ್ಲ.”

ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ಒಂದೇ ತೆರಿಗೆ ಬೇಕೆನ್ನುವವರು ಯಾರೂ ಛತ್ರಿಯೊಂದಕ್ಕೇ ಹಾಕಿ ಎನ್ನುವುದಿಲ್ಲ. ಎಲ್ಲರ ಎಲ್ಲ ಆದಾಯಕ್ಕೂ ಹಾಕಿ ಎನ್ನುತ್ತಾರೆ. ಅದರೊಳಗೆ ಛತ್ರಿ, ಬೂಟು, ಗಡಿಯಾರ ಎಲ್ಲವೂ ಬಂದೇ ಬಿಡುತ್ತವಲ್ಲ?

“ಒಳ್ಳೆಯ ಪ್ರಶ್ನೆ,” ಎಂದು ಅವರು ಕುರ್ಚಿ ಎಳೆದುಕೊಂಡು ಕುಳಿತರು. ಸರಿಯಾದ ಜಾಗಕ್ಕೆ ಕೈಹಾಕಿದ್ದೇನೆ ಎಂದು ನನಗೆ ಅದರಿಂದಲೇ ಗೊತ್ತಾಯಿತು.

“ಎಲ್ಲ ಆದಾಯವೂ ಕಣ್ಣಿಗೆ ಬೀಳುವುದಾದರೆ ನಿನ್ನ ಮಾತು ಅರ್ಧಕ್ಕಿಂತ ಹೆಚ್ಚು ಸರಿ. ಸಂಬಳದಾರನ ಆದಾಯ ಕಾಣುತ್ತದೆ, ಏಕೆಂದರೆ ಮಾಲೀಕನೇ ತೆರಿಗೆ ಹಿಡಿದು ಕಟ್ಟುತ್ತಾನೆ. ಸ್ವಂತ ಕಸುಬಿನವನ ನಗದು ಆದಾಯ ಅವನು ಹೇಳಿದಷ್ಟೇ. ಅಂಥವನೊಬ್ಬ 100 ಮುಚ್ಚಿಡಬೇಕೆಂದರೆ ಖರ್ಚುಂಟು. ಎರಡನೆಯ ಲೆಕ್ಕದ ಪುಸ್ತಕ ಬೇಕು, ಬ್ಯಾಂಕಿಗೆ ಹಾಕದೆ ಹಣ ಕಾಯಬೇಕು, ದಂಡದ ಭಯದಲ್ಲಿ ಮಲಗಬೇಕು. ಅದೆಲ್ಲದರ ಬೆಲೆ 25 ಎಂದುಕೋ. ತೆರಿಗೆ ದರ ಶೇ. 40 ಇದ್ದರೆ ಅವನು ಮುಚ್ಚಿಡುತ್ತಾನೋ ಇಲ್ಲವೋ?”

“ಮುಚ್ಚಿಡುತ್ತಾನೆ. 15 ಉಳಿಯುತ್ತದೆ.”

“ದರ ಶೇ. 15 ಇದ್ದರೆ?”

“ಮುಚ್ಚಿಟ್ಟರೆ ಅವನಿಗೇ 10 ಕೈಬಿಡುತ್ತದೆ.”

ಆದ್ದರಿಂದ ಆದಾಯಕ್ಕೆ 15, ಖರ್ಚಿಗೆ 15, ಆಸ್ತಿಗೆ ಮತ್ತಿಷ್ಟು ಎಂದು ಹಂಚಿದರೆ ಯಾವ ಬಾಗಿಲಲ್ಲೂ ಕಳ್ಳತನ ಗಿಟ್ಟುವುದಿಲ್ಲ. ಒಂದು ಬಾಗಿಲಲ್ಲಿ ತಪ್ಪಿಸಿಕೊಂಡವನು ಆ ಹಣದಲ್ಲಿ ಕಾರು ಕೊಂಡಾಗ ಇನ್ನೊಂದು ಬಾಗಿಲಲ್ಲಿ ಸಿಗುತ್ತಾನೆ, ಮನೆ ಕಟ್ಟಿಸಿದಾಗ ಮೂರನೆಯದರಲ್ಲಿ. ಒಂದು ತೆರಿಗೆಯ ಕಡತ ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ. ಆದಾಯ 50 ಎಂದು ಬರೆದುಕೊಟ್ಟವನು 200ರ ಆಸ್ತಿ ನೋಂದಾಯಿಸಿದರೆ ಅಧಿಕಾರಿಗೆ ಬೇರೆ ಪತ್ತೇದಾರಿಕೆ ಬೇಕಿಲ್ಲ.

“ಆದರೆ ಈ ಲೆಕ್ಕದಲ್ಲೇ ಒಂದು ಬಿರುಕಿದೆ,” ಎಂದು ಮೇಷ್ಟ್ರು ತಾವೇ ಅಡ್ಡ ಬಂದರು. “ಅಂಗಡಿಯವನೊಬ್ಬ ಬಿಲ್ಲು ಕೊಡದೆ ಮಾರುತ್ತಾನೆ. ಆ ಮಾರಾಟಕ್ಕೆ ಮಾರಾಟ ತೆರಿಗೆ ಹೋಯಿತು, ಅದರಿಂದ ಬಂದ ಲಾಭಕ್ಕೆ ಆದಾಯ ತೆರಿಗೆಯೂ ಹೋಯಿತು. ಗುಟ್ಟಿನ ಪುಸ್ತಕ ಒಂದೇ, ಉಳಿತಾಯ ಎರಡು ಕಡೆ. ಅವನ ಕಣ್ಣಿಗೆ ಅವು ಶೇ. 15ರ ಎರಡು ತೆರಿಗೆಗಳಲ್ಲ, ಹೆಚ್ಚುಕಡಿಮೆ ಶೇ. 30ರ ಒಂದೇ ತೆರಿಗೆ. ಎರಡು ತೆರಿಗೆಗಳು ಬೇರೆ ಬೇರೆ ನೆಲದ ಮೇಲೆ ನಿಂತಿದ್ದರೆ ಮಾತ್ರ ಚಿಕ್ಕವು. ಒಂದೇ ನೆಲದ ಮೇಲೆ ನಿಂತರೆ ಕೂಡಿಕೊಂಡು ದೊಡ್ಡವಾಗುತ್ತವೆ. ಇದನ್ನು ನೆನಪಿನಲ್ಲಿಡು, ಮತ್ತೆ ಬೇಕಾಗುತ್ತದೆ.”

ಖಜಾನೆಗೆ ಬರುವ ಹಣದ ಏರಿಳಿತ ಎಂಬ ಇನ್ನೊಂದು ಕಾರಣವನ್ನು ಅವರು ಎರಡೇ ಮಾತಿನಲ್ಲಿ ಮುಗಿಸಿದರು. ಮನೆಗಳ ಬೆಲೆ ಏರುತ್ತಿದ್ದಾಗ ಐರ್ಲೆಂಡ್ ಆಸ್ತಿ ವ್ಯವಹಾರದಿಂದ ಬರುವ ತೆರಿಗೆಗಳನ್ನು ಬಹಳವಾಗಿ ನಂಬಿಕೊಂಡಿತ್ತು. 2008ರ ಹೊತ್ತಿಗೆ ಮನೆ ಮಾರಾಟ ನಿಂತಾಗ ಆ ಹಣವೂ ನಿಂತುಹೋಯಿತು. ಎಲ್ಲ ತೆರಿಗೆಗಳೂ ಒಂದೇ ದಿನ ಬತ್ತುವುದಿಲ್ಲ ಎಂಬುದು ಖಜಾನೆಯವರಿಗೆ ಧೈರ್ಯ.

“ಇವೆಲ್ಲ ಸರ್ಕಾರಗಳು ಬಾಯಿಬಿಟ್ಟು ಹೇಳುವ ಕಾರಣಗಳು,” ಎಂದೆ. “ಹೇಳದ ಕಾರಣ?”

ಮೇಷ್ಟ್ರು ನಕ್ಕರು. “ಅದಕ್ಕೆ ಬ್ರಿಟನ್ನಿಗೆ ಹೋಗಬೇಕು.”

ಅಲ್ಲಿ ಸ್ಥಳೀಯ ಆಡಳಿತದ ಖರ್ಚಿಗೆ ಮನೆಯ ಬಾಡಿಗೆ ಮೌಲ್ಯದ ಮೇಲೆ ಹಾಕುತ್ತಿದ್ದ ಹಳೆಯ ತೆರಿಗೆಯೊಂದಿತ್ತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಅದನ್ನು ತೆಗೆದು, ಪ್ರತಿಯೊಬ್ಬ ವಯಸ್ಕನ ತಲೆಗೆ ಇಷ್ಟು ಎಂಬ ಹೊಸ ತೆರಿಗೆ ತಂದಿತು. 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ. ಅದರ ಹಿಂದಿದ್ದ ವಾದ ಕೇಳಲು ಸೊಗಸಾಗಿತ್ತು. ಊರಾಡಳಿತದ ಖರ್ಚು ಎಷ್ಟೆಂದು ಪ್ರತಿ ಮತದಾರನಿಗೂ ಕಣ್ಣೆದುರು ಕಾಣಬೇಕು, ದುಂದು ಮಾಡುವವರನ್ನು ಅವನು ಮತದಾನದಲ್ಲಿ ವಿಚಾರಿಸಿಕೊಳ್ಳಬೇಕು ಎಂಬುದು. ಕಣ್ಣೆದುರು ಕಂಡದ್ದೇನೋ ನಿಜ. ಪ್ರತಿ ಮನೆಯ ಬಾಗಿಲಿಗೆ, ಪ್ರತಿ ವಯಸ್ಕನ ಹೆಸರಿಗೆ ಪ್ರತ್ಯೇಕ ಬಿಲ್ಲು ಬಂತು. 1990ರ ಮಾರ್ಚ್ 31ರಂದು ಲಂಡನ್ನಿನಲ್ಲಿ ನಡೆದ ಪ್ರತಿಭಟನೆ ದೊಂಬಿಗೆ ತಿರುಗಿತು. ಕಟ್ಟುವುದಿಲ್ಲ ಎಂದವರ ಮೇಲೆ ಹೂಡಿದ ಮೊಕದ್ದಮೆಗಳಿಂದ ಕೋರ್ಟುಗಳು ತುಂಬಿದವು. ಆ ವರ್ಷದ ನವೆಂಬರಿನಲ್ಲಿ ಥ್ಯಾಚರ್ ರಾಜೀನಾಮೆ ಕೊಟ್ಟರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಇದೂ ಒಂದು.

“ಆದರೆ ಜನ ರೇಗಿದ್ದು ಬಿಲ್ಲು ಕಂಡದ್ದಕ್ಕಲ್ಲವಲ್ಲ ಸರ್? ಬಂಗಲೆಯವನಿಗೂ ಬಾಡಿಗೆ ಕೋಣೆಯವನಿಗೂ ಒಂದೇ ಮೊತ್ತ ಎಂಬುದಕ್ಕಲ್ಲವೆ?”

“ಅದಕ್ಕೂ ಹೌದು. ಅನ್ಯಾಯವೇ ದೊಡ್ಡ ಕಾರಣ ಎಂದು ನಾನೂ ಒಪ್ಪುತ್ತೇನೆ. ಬಡವರಿಗೆ ರಿಯಾಯಿತಿ ಇದ್ದರೂ ಸಿಟ್ಟು ಆರಲಿಲ್ಲ. ಆದರೆ ಆಮೇಲೆ ನಡೆದದ್ದನ್ನು ನೋಡು, ಆಗ ಹೇಳು.”

1991ರ ಬಜೆಟ್ಟಿನಲ್ಲಿ ಹೊಸ ಸರ್ಕಾರ ಆ ತೆರಿಗೆಯನ್ನು ತಲೆಗೆ 140 ಪೌಂಡ್ ಇಳಿಸಿತು. ಕೊರತೆ ತುಂಬಲು ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ ಶೇ. 17.5ಕ್ಕೆ ಏರಿಸಿತು. ಹಣ ಬಂದದ್ದು ಅದೇ ಜನರಿಂದ. ಬಾಗಿಲಿಗೆ ಬರುತ್ತಿದ್ದ ಬಿಲ್ಲಿನ ಒಂದು ಭಾಗ ಅಂಗಡಿಯ ಬೆಲೆಯೊಳಗೆ ಕರಗಿಹೋಯಿತು, ಅಷ್ಟೇ. ಖರ್ಚಿನ ಮೇಲಿನ ತೆರಿಗೆಯೇನೂ ಬಡವರ ಪಕ್ಷಪಾತಿಯಲ್ಲ. ಆದರೂ ಅದಕ್ಕಾಗಿ ಯಾರೂ ಚೌಕದಲ್ಲಿ ಬೆಂಕಿ ಹಚ್ಚಲಿಲ್ಲ. 1993ರಲ್ಲಿ ತಲೆ ತೆರಿಗೆ ಹೋಗಿ ಬೇರೊಂದು ಬಂತು. ಅದನ್ನು ಹಗುರ ಮಾಡಲೆಂದು ಏರಿಸಿದ ಎರಡೂವರೆ ಅಂಶ ಮಾತ್ರ ಹಾಗೆಯೇ ಉಳಿಯಿತು. 2011ರಿಂದ ಆ ದರ ಶೇ. 20 ಆಗಿದೆ.

“ಬೆಲೆಯೊಳಗೆ ಕರಗಿದ್ದು ನಿಜವಾಗಿಯೂ ಕಾಣುವುದಿಲ್ಲವೆ? ಜನ ಅಷ್ಟು ಪೆದ್ದರೆ?”

“ಪೆದ್ದರಲ್ಲ, ಪುರುಸೊತ್ತಿಲ್ಲದವರು. ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. 2009ರಲ್ಲಿ ಪ್ರಕಟವಾಯಿತು. ಅಲ್ಲಿ ತೆರಿಗೆ ವಸ್ತುವಿನ ಬೆಲೆಚೀಟಿಯಲ್ಲಿ ಇರುವುದಿಲ್ಲ, ಹಣ ಕಟ್ಟುವಾಗ ಸೇರುತ್ತದೆ. ತೆರಿಗೆ ಎಷ್ಟೆಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತು. ಮೂರು ವಾರ ಕೆಲವು ವಸ್ತುಗಳ ಚೀಟಿಯಲ್ಲಿ ತೆರಿಗೆ ಸೇರಿದ ಬೆಲೆಯನ್ನೂ ಬರೆದರು. ಬೆಲೆ ಬದಲಾಗಲಿಲ್ಲ, ತೆರಿಗೆಯೂ ಬದಲಾಗಲಿಲ್ಲ. ಮಾರಾಟ ಸುಮಾರು ಶೇ. 8 ಇಳಿಯಿತು. ಗೊತ್ತಿರುವುದು ಬೇರೆ, ಕೈ ಚಾಚುವ ಗಳಿಗೆಯಲ್ಲಿ ನೆನಪಾಗುವುದು ಬೇರೆ.”

ಮೇಷ್ಟ್ರು ಇದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಮೆಚ್ಚುಗೆ ಇದ್ದಂತೆ ನನಗೆ ತೋರಿತು, ಚಾಲಾಕಿ ಜೇಬುಗಳ್ಳನ ಕೈಚಳಕ ನೋಡಿದವರಿಗೆ ಇರುವಂಥದ್ದು. ಹಾಗೆಂದು ಕೇಳಿಯೂ ಬಿಟ್ಟೆ: ಹಾಗಾದರೆ ಇದು ಮೋಸವಲ್ಲವೆ?

“ಮೋಸ ಎನ್ನಲು ಸುಳ್ಳು ಹೇಳಿರಬೇಕು. ಇಲ್ಲಿ ಪ್ರತಿಯೊಂದು ದರವೂ ಗೆಜೆಟ್ಟಿನಲ್ಲಿ ಅಚ್ಚಾಗಿದೆ. ಕೂಡಿಸಿ ಹೇಳುವ ಕೆಲಸವನ್ನು ಮಾತ್ರ ಯಾರಿಗೂ ವಹಿಸಿಲ್ಲ.” ಸ್ವಲ್ಪ ತಡೆದು ಮುಂದುವರಿಸಿದರು. “ಇನ್ನೊಂದು ತೊಂದರೆಯಿದೆ. ಚಿಕ್ಕ ತೆರಿಗೆ ಸಾಯುವುದಿಲ್ಲ. ಜರ್ಮನಿಯ ಚಕ್ರವರ್ತಿ 1902ರಲ್ಲಿ ನೌಕಾಪಡೆಯ ಖರ್ಚಿಗೆಂದು ನೊರೆಯುಕ್ಕುವ ವೈನಿನ ಮೇಲೆ ಒಂದು ತೆರಿಗೆ ಹಾಕಿದ. ಆ ನೌಕಾಪಡೆ ಮುಳುಗಿ ನೂರು ವರ್ಷ ದಾಟಿದೆ. ನಡುವೆ 1933ರಿಂದ ಆರು ವರ್ಷ ಬಿಡುವು ಸಿಕ್ಕಿದ್ದು ಬಿಟ್ಟರೆ ತೆರಿಗೆ ಇಂದಿಗೂ ಇದೆ. ದೊಡ್ಡ ತೆರಿಗೆಯನ್ನು ತೆಗೆಸಲು ಜನ ಬೀದಿಗೆ ಇಳಿಯುತ್ತಾರೆ. ಬಾಟಲಿಗೆ ಒಂದಿಷ್ಟು ಚಿಲ್ಲರೆಗಾಗಿ ಯಾರು ಇಳಿಯುತ್ತಾರೆ? ತೆಗೆದರೆ ಲಾಭ ಎಲ್ಲರಿಗೂ ಚೂರುಚೂರು. ಉಳಿದರೆ ಅದರ ಹಣ ಯಾವುದೋ ಒಂದು ಇಲಾಖೆಗೆ ಇಡಿಯಾಗಿ.”

ಪ್ರತಿ ತೆರಿಗೆಗೂ ಅದರದೇ ಫಾರಂ, ಗಡುವು, ದಂಡ, ಅಧಿಕಾರಿ, ವ್ಯಾಜ್ಯ ಇರುತ್ತದೆ. ದೊಡ್ಡ ಕಂಪನಿ ಅದಕ್ಕೊಂದು ವಿಭಾಗ ಇಟ್ಟುಕೊಳ್ಳುತ್ತದೆ. ಒಬ್ಬನೇ ಕುಳಿತು ವ್ಯಾಪಾರ ಮಾಡುವವನಿಗೆ ತೆರಿಗೆಗಿಂತ ತೆರಿಗೆಯ ಕಾಗದವೇ ಭಾರ. ಛತ್ರಿಯ ಲೆಕ್ಕದಲ್ಲಿ ಈ ಖರ್ಚು ಬಂದಿರಲಿಲ್ಲ ಎಂದು ನೆನಪಿಸಿದೆ. ಬರಬೇಕಿತ್ತು ಎಂದು ಮೇಷ್ಟ್ರು ಒಪ್ಪಿಕೊಂಡರು. ನಾಲ್ಕು ವಸ್ತುಗಳಿಗೆ ಹಂಚಿದಾಗ ನಷ್ಟ ತಗ್ಗಿತೇನೋ ನಿಜ, ನಾನೂರಕ್ಕೆ ಹಂಚಿದರೆ ಉಳಿದದ್ದನ್ನೆಲ್ಲ ಗುಮಾಸ್ತರ ಸಂಬಳವೇ ನುಂಗುತ್ತದೆ.

“ಹಾಗಿದ್ದರೆ ಒಂದು ಚಿಕ್ಕ ತೆರಿಗೆ ನಿಜವಾಗಿ ಚಿಕ್ಕದೋ ಅಲ್ಲವೋ ಎಂದು ಹೇಗೆ ಗುರುತಿಸುವುದು?”

“ಅಂಗಡಿಯವನ ಗುಟ್ಟಿನ ಪುಸ್ತಕ ನೆನಪಿದೆಯಲ್ಲ? ಅದೇ ಪರೀಕ್ಷೆ. ತೆರಿಗೆಗೆ ಏನು ಹೆಸರಿಟ್ಟಿದ್ದಾರೆ ಎಂದು ನೋಡಬೇಡ, ಯಾರು ಕಟ್ಟುತ್ತಾರೆ ಎಂದೂ ನೋಡಬೇಡ. ಯಾವ ನಿರ್ಧಾರದ ಮೇಲೆ ಬೀಳುತ್ತದೆ ಎಂದು ನೋಡು. ಒಬ್ಬ ಮನುಷ್ಯ ಇನ್ನೊಂದು ದಿನ ಹೆಚ್ಚು ದುಡಿಯಲೋ ಬೇಡವೋ ಎಂದು ಯೋಚಿಸುತ್ತಿದ್ದಾನೆ. ಆ ದಿನದ ಸಂಬಳ 100. ಅದರ ಮೇಲೆ ಮಾಲೀಕ ಸಾಮಾಜಿಕ ಭದ್ರತೆಗೆಂದು ಶೇ. 10 ಕಟ್ಟಬೇಕು. ಆದಾಯ ತೆರಿಗೆ ಶೇ. 20. ಖರ್ಚಿನ ಮೇಲೆ ಶೇ. 15. ಮೂರೂ ಸಾಧಾರಣ ದರಗಳು. ಲೆಕ್ಕ ಹಾಕು.”

ಆ ದಿನಕ್ಕೆ ಮಾಲೀಕನ ಕೈಯಿಂದ ಹೋಗುವುದು 110. ಕೆಲಸಗಾರನ ಕೈಗೆ ಬರುವುದು 80. ಆ 80ನ್ನು ಖರ್ಚು ಮಾಡಿದಾಗ ಶೇ. 15 ಸೇರಿದ ಬೆಲೆಯಲ್ಲಿ ಅವನಿಗೆ ಸಿಗುವ ವಸ್ತುಗಳ ನಿಜ ಬೆಲೆ, 80ನ್ನು 1.15ರಿಂದ ಭಾಗಿಸಿದರೆ, ಸುಮಾರು 69.57. ಮಾಲೀಕ ಕೊಟ್ಟ 110ಕ್ಕೂ ಕೆಲಸಗಾರ ಪಡೆದ 69.57ಕ್ಕೂ ನಡುವೆ 40.43 ಕಾಣೆಯಾಗಿದೆ. 110ರಲ್ಲಿ ಅದು ಶೇ. 36.8.

“ಮಾಲೀಕ ಕಟ್ಟುವ 10 ಕೆಲಸಗಾರನಿಗೆ ಏಕೆ ಸೇರಿಸಬೇಕು?”

“ಮಾಲೀಕ ಆ ದಿನದ ದುಡಿಮೆಗೆ 110 ಕೊಡಲು ಸಿದ್ಧನಿದ್ದಾನೆ ಎಂದಾಯಿತಲ್ಲ. ಆ ತೆರಿಗೆ ಇಲ್ಲದಿದ್ದರೆ ಕಾಲಕ್ರಮದಲ್ಲಿ ಅದರ ಬಹುಪಾಲು ಸಂಬಳಕ್ಕೇ ಸೇರುತ್ತಿತ್ತು. ಎಲ್ಲವೂ ಎನ್ನಲಾರೆ, ಕೆಲಸಗಾರರ ಕೊರತೆ ಎಷ್ಟಿದೆ ಎಂಬುದರ ಮೇಲೆ ಹೋಗುತ್ತದೆ. ಆದರೆ ಚಲನ್ ಯಾರ ಹೆಸರಿನಲ್ಲಿದೆ ಎಂಬುದು ಭಾರ ಯಾರ ಮೇಲಿದೆ ಎಂಬುದನ್ನು ಹೇಳುವುದಿಲ್ಲ.”

ಛತ್ರಿ, ಬೂಟು, ಗಡಿಯಾರ, ದೀಪ ನಾಲ್ಕು ಬೇರೆ ನಿರ್ಧಾರಗಳಾಗಿದ್ದವು. ಇಲ್ಲಿ ನಿರ್ಧಾರ ಒಂದೇ: ಇನ್ನೊಂದು ದಿನ ದುಡಿಯುವುದೋ ಬೇಡವೋ. ಅದರ ಮೇಲೆ ಮೂರು ತೆರಿಗೆಗಳು ಮೂರು ಕಡೆಯಿಂದ ಬಂದು ಕುಳಿತಿವೆ. ಹಾಗಾದರೆ ವರ್ಗದ ಲೆಕ್ಕ 10ಕ್ಕೆ, 20ಕ್ಕೆ, 15ಕ್ಕೆ ಬೇರೆ ಬೇರೆಯಾಗಿ ಅನ್ವಯಿಸುವುದಿಲ್ಲ, ಒಟ್ಟಿಗೇ 36.8ಕ್ಕೆ ಅನ್ವಯಿಸುತ್ತದೆ. ಇದನ್ನು ಜೋರಾಗಿಯೇ ಹೇಳಿದೆ. ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಛತ್ರಿಯ ಚಿತ್ರವನ್ನು ಒರೆಸಿದರು.

ಹೊರಡುವ ಮುನ್ನ ಕೊನೆಯದಾಗಿ ಕೇಳಿದೆ: ಸರ್ಕಾರ ಈ ಮೂರನ್ನು ಸೇರಿಸಿ ಶೇ. 36.8ರ ಒಂದೇ ತೆರಿಗೆ ಎಂದು ಘೋಷಿಸಿದರೆ ಏನಾದೀತು? ಆ ಕೆಲಸಗಾರನ ಮಟ್ಟಿಗೆ ಒಂದು ಪೈಸೆಯೂ ವ್ಯತ್ಯಾಸವಾಗದಲ್ಲ.

“ಅವನ ಮಟ್ಟಿಗೆ ಆಗದು. ಘೋಷಿಸಿದ ಮಂತ್ರಿಯ ಮಟ್ಟಿಗೆ ಆಗುತ್ತದೆ. ಈಗ ಮೊದಲನೆಯದು ಮಾಲೀಕನ ಚಲನ್‌ನಲ್ಲಿದೆ, ಎರಡನೆಯದು ಸಂಬಳದ ಚೀಟಿಯಲ್ಲಿದೆ, ಮೂರನೆಯದು ಅಂಗಡಿಯ ಬಿಲ್ಲಿನಲ್ಲಿದೆ. ಮೂರನ್ನೂ ತಂದು ಹುಡುಕು. 36.8 ಎಂಬ ಅಂಕಿ ಒಂದರಲ್ಲೂ ಸಿಗುವುದಿಲ್ಲ.”